ರಾಮ್ಸೆ ಸೂತ್ರ ಮತ್ತು ಉಪ್ಪಿನ ತೆರಿಗೆ

ಸರ್ಕಾರಕ್ಕೆ ಇಂತಿಷ್ಟು ಹಣ ಬೇಕು. ಸರಕುಗಳ ಮೇಲಲ್ಲದೆ ಬೇರೆಲ್ಲೂ ತೆರಿಗೆ ಹಾಕುವಂತಿಲ್ಲ. ಯಾವ ಸರಕಿನ ಮೇಲೆ ಎಷ್ಟು ಹಾಕಿದರೆ ಜನರಿಗಾಗುವ ನಷ್ಟ ಕನಿಷ್ಠವಾಗುತ್ತದೆ? ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಎ. ಸಿ. ಪಿಗೂ ಒಡ್ಡಿದ ಈ ಪ್ರಶ್ನೆಗೆ ಉತ್ತರ ಕೊಟ್ಟವನು ಗಣಿತಜ್ಞ ಫ್ರಾಂಕ್ ರಾಮ್ಸೆ. 1927ರಲ್ಲಿ ಅವನ ಲೇಖನ ‘ಇಕನಾಮಿಕ್ ಜರ್ನಲ್’ನಲ್ಲಿ ಪ್ರಕಟವಾಯಿತು. 1930ರಲ್ಲಿ, ಇನ್ನೂ 26ರ ವಯಸ್ಸಿನಲ್ಲೇ ಅವನು ತೀರಿಕೊಂಡ.

ಅವನ ವಾದವನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡೋಣ. ಒಂದು ಊರಿನಲ್ಲಿ ಉಪ್ಪು, ಮಿಠಾಯಿ ಎರಡೂ ಕಿಲೋಗೆ 10 ರೂಪಾಯಿ. ಎರಡೂ 100 ಕಿಲೋ ಮಾರಾಟವಾಗುತ್ತವೆ. ಬೆಲೆ 1 ರೂಪಾಯಿ ಏರಿದರೆ ಉಪ್ಪಿನ ಮಾರಾಟ 1 ಕಿಲೋ ಮಾತ್ರ ಇಳಿಯುತ್ತದೆ, ಮಿಠಾಯಿಯದು 20 ಕಿಲೋ. ಎರಡಕ್ಕೂ ತಲಾ 1 ರೂಪಾಯಿ ತೆರಿಗೆ ಹಾಕಿದರೆ 99 ಮತ್ತು 80, ಒಟ್ಟು 179 ರೂಪಾಯಿ ಬೊಕ್ಕಸ ಸೇರುತ್ತದೆ. ಆದರೆ ಮಿಠಾಯಿ ಬಿಟ್ಟವರು ತೆರಿಗೆ ಕಟ್ಟದಿದ್ದರೂ ತಮಗೆ ಬೇಕಾದದ್ದನ್ನು ಕಳೆದುಕೊಂಡಿದ್ದಾರೆ. ಯಾರ ಕೈಗೂ ಸೇರದ ಈ ನಷ್ಟ ಸುಮಾರಾಗಿ ತೆರಿಗೆ ಮತ್ತು ಇಳಿದ ಮಾರಾಟದ ಗುಣಲಬ್ಧದ ಅರ್ಧ: ಮಿಠಾಯಿಯಲ್ಲಿ 10 ರೂಪಾಯಿ, ಉಪ್ಪಿನಲ್ಲಿ 50 ಪೈಸೆ.

ಉಪ್ಪಿಗೆ 1.74 ರೂಪಾಯಿ, ಮಿಠಾಯಿಗೆ ಸುಮಾರು 9 ಪೈಸೆ ಹಾಕಿದರೆ ವರಮಾನ ಹೆಚ್ಚುಕಡಿಮೆ ಅಷ್ಟೇ. ನಷ್ಟ ಮಾತ್ರ ಹತ್ತೂವರೆ ರೂಪಾಯಿಯಿಂದ ಸುಮಾರು 1.60ಕ್ಕೆ ಇಳಿಯುತ್ತದೆ. ಇಲ್ಲಿ ಎರಡೂ ಸರಕುಗಳ ಮಾರಾಟ ಒಂದೇ ಪ್ರಮಾಣದಲ್ಲಿ, ಶೇ. 1.74ರಷ್ಟು, ತಗ್ಗಿದೆ. ರಾಮ್ಸೆಯ ಸೂತ್ರ ಇದೇ. ಬೆಲೆ ಏರಿದರೂ ಕೊಳ್ಳುವುದು ಬಿಡಲಾಗದ ಸರಕಿಗೆ ಹೆಚ್ಚು ತೆರಿಗೆ ಎಂಬುದು ಅದರಿಂದ ಹುಟ್ಟುವ ಫಲಿತ. ಮಿಠಾಯಿಗೆ ತೆರಿಗೆಯೇ ಬೇಡವೆಂದೇನೂ ಅವನು ಹೇಳಲಿಲ್ಲ; ಹಾಗೆ ಮಾಡಿದ್ದರೆ ನಷ್ಟ ಸ್ವಲ್ಪ ಹೆಚ್ಚೇ ಆಗುತ್ತಿತ್ತು.

ಲೆಕ್ಕ ಚೊಕ್ಕವಾಗಿದೆ. ಆದರೆ ಒಂದು ರೂಪಾಯಿಯ ಬೆಲೆ ಬಡವನಿಗೂ ಸಿರಿವಂತನಿಗೂ ಬೇರೆ ಎಂಬುದನ್ನು ರಾಮ್ಸೆ ಬೇಕೆಂದೇ ಬದಿಗಿಟ್ಟಿದ್ದ. ಬ್ರಿಟಿಷ್ ಭಾರತದಲ್ಲಿ ಆ ವ್ಯತ್ಯಾಸ ಬದಿಗಿಡುವಂಥದ್ದಾಗಿರಲಿಲ್ಲ. 1923ರಲ್ಲಿ ಉಪ್ಪಿನ ತೆರಿಗೆಯನ್ನು ಮಣಕ್ಕೆ 1 ರೂಪಾಯಿ 4 ಆಣೆಯಿಂದ 2 ರೂಪಾಯಿ 8 ಆಣೆಗೆ ಏರಿಸಲು ಶಾಸನಸಭೆ ಒಪ್ಪಲಿಲ್ಲ. ವೈಸರಾಯ್ ಲಾರ್ಡ್ ರೀಡಿಂಗ್ ತಮ್ಮ ವಿಶೇಷಾಧಿಕಾರ ಬಳಸಿ ಏರಿಸಿದರು. ಮರುವರ್ಷವೇ ಹಳೆಯ ದರಕ್ಕೆ ಮರಳಬೇಕಾಯಿತು. ಅದಕ್ಕೂ ಮೊದಲು, 1903ರಿಂದ 1907ರೊಳಗೆ ದರ ಹಂತಹಂತವಾಗಿ 2 ರೂಪಾಯಿ 8 ಆಣೆಯಿಂದ 1 ರೂಪಾಯಿಗೆ ಇಳಿದಾಗ ಉಪ್ಪಿನ ಬಳಕೆ ಏರಿತ್ತು. ಉಪ್ಪಿನ ಬೇಡಿಕೆ ಬೆಲೆಗೆ ಜಗ್ಗುವುದಿಲ್ಲ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ ಎನ್ನಲು ಇದು ಸಾಕ್ಷಿ: ಕೈಯಲ್ಲಿ ಕಾಸಿಲ್ಲದವರು ಉಪ್ಪನ್ನೂ ಕಡಿಮೆ ಮಾಡಿದ್ದರು ಎಂದೇ ನನ್ನ ಊಹೆ. 1930ರಲ್ಲಿ ದಂಡಿಯ ಬೆನ್ನಿಗೇ ನಮ್ಮ ಅಂಕೋಲೆಯಲ್ಲೂ ಜನ ಕಾನೂನು ಮುರಿದು ಉಪ್ಪು ಮಾಡಿದರು.

ರಾಮ್ಸೆ ಬಿಟ್ಟಿದ್ದನ್ನು ಸೂತ್ರದೊಳಕ್ಕೆ ತಂದವರು ಪೀಟರ್ ಡೈಮಂಡ್. 1975ರ ಅವರ ಲೇಖನದಲ್ಲಿ ಅನೇಕ ಬಗೆಯ ಕುಟುಂಬಗಳಿವೆ. ಬಡವರೇ ಹೆಚ್ಚಾಗಿ ಕೊಳ್ಳುವ ಸರಕಿನ ಬಳಕೆಯನ್ನು ತೆರಿಗೆ ಉಳಿದವುಗಳಿಗಿಂತ ಕಡಿಮೆ ತಗ್ಗಿಸಬೇಕು. ಹಾಗಾಗಿ ಉಪ್ಪಿಗೆ ಎಷ್ಟು ತೆರಿಗೆ ಎಂಬುದು ಅದರ ಬೇಡಿಕೆ ಎಷ್ಟು ಜಗ್ಗುತ್ತದೆ ಎಂಬುದರ ಜೊತೆಗೆ ಅದನ್ನು ಯಾರು ಕೊಳ್ಳುತ್ತಾರೆ ಎಂಬುದನ್ನೂ ಅವಲಂಬಿಸುತ್ತದೆ.