ಮೂಲವ್ಯಾಧಿಯಲ್ಲಿ ಹೆಲ್ತ್ ಫಾಸೆಟ್ ಬಳಕೆ

ಮೂಲವ್ಯಾಧಿ (ಪೈಲ್ಸ್) ಇರುವವರು ಮಲವಿಸರ್ಜನೆಯ ನಂತರ ಹೆಲ್ತ್ ಫಾಸೆಟ್‌ನ ಮೆಲುಧಾರೆಯಿಂದ ಗುದಭಾಗ ತೊಳೆದುಕೊಳ್ಳುವ ಕ್ರಮ. ಊದಿಕೊಂಡ ರಕ್ತನಾಳಗಳ ಮೇಲಿನ ಪೊರೆ ತೆಳುವಾಗಿರುವುದರಿಂದ ರಭಸದ ನೀರು ಉರಿ, ರಕ್ತಸ್ರಾವ ತರಬಹುದು.

ರಭಸವನ್ನು ನಿರ್ಧರಿಸುವುದು ಮುಖ್ಯವಾಗಿ ಟ್ಯಾಂಕಿಯ ಎತ್ತರ: ಪ್ರತಿ 10 ಮೀಟರಿಗೆ ಸುಮಾರು 1 ಬಾರ್ ಒತ್ತಡ. ಹೂಡೆಯಂಥ ಕರಾವಳಿ ಊರಿನ ಒಂದಂತಸ್ತಿನ ಮನೆಯಲ್ಲಿ, ಫಾಸೆಟ್‌ಗಿಂತ 4 ಮೀಟರ್ ಮೇಲೆ ಟ್ಯಾಂಕಿಯಿದ್ದರೆ ಒತ್ತಡ ಸುಮಾರು 0.4 ಬಾರ್ ಮಾತ್ರ. ಮಣಿಪಾಲದ ಬಹುಮಹಡಿ ಕಟ್ಟಡದ ಕೆಳಮಹಡಿಯಲ್ಲಿ ಅದು ಹಲವು ಪಟ್ಟು ಹೆಚ್ಚಿರಬಹುದು. ಆಗ ಗೋಡೆಯ ಆಂಗಲ್ ಕಾಕನ್ನು ಮುಚ್ಚಿ, ಸ್ವಲ್ಪಸ್ವಲ್ಪವೇ ತೆರೆಯಬೇಕು. ಮೊದಲು ಧಾರೆಯನ್ನು ಅಂಗೈಗೆ ಬಿಟ್ಟು ನೋಡಬೇಕು. ಚುಚ್ಚಿದಂತಾದರೆ ಇನ್ನೂ ತಗ್ಗಿಸಬೇಕು. ಫಾಸೆಟ್‌ನ ತಲೆಯನ್ನು ತುಸು ದೂರ ಹಿಡಿದು ಹೊರಭಾಗವನ್ನಷ್ಟೇ ತೊಳೆಯಬೇಕು. ನೀರು ತಣ್ಣಗೋ ಉಗುರುಬೆಚ್ಚಗೋ ಇರಲಿ. ಸುವಾಸನೆಯ ಸಾಬೂನು ಬೇಡ. ಬಳಸಿದ ಮೇಲೆ ಕಾಕ್ ಮುಚ್ಚಿದರೆ ಕೊಳವೆಯೂ ಬಾಳುತ್ತದೆ.

ತೊಳೆದ ನಂತರ ಮೆತ್ತನೆಯ ಹತ್ತಿಬಟ್ಟೆಯನ್ನು ಒತ್ತಿ ಒತ್ತಿ ತೇವ ತೆಗೆಯಬೇಕು, ಉಜ್ಜಬಾರದು. ಆ ಬಟ್ಟೆ ಒಬ್ಬರಿಗೇ ಮೀಸಲಿದ್ದು, ದಿನವೂ ಒಗೆದು ಒಣಗಿಸಬೇಕು. ಕರಾವಳಿಯ ಸೆಕೆಯಲ್ಲಿ ತೇವ ಉಳಿದರೆ ತುರಿಕೆ ಹೆಚ್ಚುತ್ತದೆ.

ಈ ಕ್ರಮ ಉರಿ ತಗ್ಗಿಸುತ್ತದೆ, ರೋಗವನ್ನು ಗುಣಪಡಿಸದು. ಮಲದಲ್ಲಿ ರಕ್ತ ಕಂಡರೆ ವೈದ್ಯರಿಗೆ ತೋರಿಸಬೇಕು. ರಕ್ತ ನಿಲ್ಲದಿದ್ದರೆ, ಮಲ ಕಪ್ಪಾದರೆ ಅಥವಾ ತೀವ್ರ ನೋವಿದ್ದರೆ ತಡಮಾಡಬಾರದು.