ಇಪ್ಪತ್ತರಿಂದ ಹತ್ತಕ್ಕೆ: ಅಮೆರಿಕದ ಪಿಂಚಣಿಯಲ್ಲಿ ದಾಂಪತ್ಯದ ಲೆಕ್ಕ

ಕಳೆದ ಸಂಕ್ರಾಂತಿಯ ಅರಿಶಿನ ಕುಂಕುಮದ ದಿನ ನಮ್ಮ ವಿಭಾಗದ ಹಿರಿಯ ಸದಸ್ಯೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ನೀವು ಪೆನ್ಷನ್ ವಿಷಯ ಓದಿಕೊಂಡವರು, ಒಂದು ಕೇಳಲೇ?" ಎಂದರು. ಅವರ ಮಗಳ ಮದುವೆ 2012ರ ಮೇ ತಿಂಗಳಲ್ಲಿ ಧಾರವಾಡದಲ್ಲಿ ಆಗಿತ್ತು. ಮದುವೆಯಾದ ಮೇಲೆ ಮಗಳು ಗಂಡನೊಂದಿಗೆ ಅಮೆರಿಕಕ್ಕೆ ಹೋದಳು. ಅಲ್ಲಿಯೇ ವಿಚ್ಛೇದನವಾಯಿತು, ಡಿಕ್ರಿ ಬಂದದ್ದು 2022ರ ಜನವರಿಯಲ್ಲಿ. "ಹತ್ತು ವರ್ಷ ತುಂಬಿದ್ದರೆ ವಯಸ್ಸಾದಾಗ ಅವನ ಪೆನ್ಷನ್ ಲೆಕ್ಕದಲ್ಲಿ ಇವಳಿಗೂ ಹಣ ಬರುತ್ತಿತ್ತಂತೆ. ನಾಲ್ಕು ತಿಂಗಳು ಕಡಿಮೆ ಬಿತ್ತು. ಹೌದೇನ್ರೀ?"

ಹೌದು, ಎನ್ನಬೇಕಾಯಿತು. ಈ ಹತ್ತು ವರ್ಷ ಎಂಬ ಗಡಿ ಎಲ್ಲಿಂದ ಬಂತು ಎಂದು ಅಂದು ಅವರು ಕೇಳಿದ್ದಕ್ಕೆ ನಿಂತ ನಿಲುವಿನಲ್ಲಿ ಉತ್ತರ ಹೇಳಲಾಗಲಿಲ್ಲ. ಮಕ್ಕಳು ಅಮೆರಿಕದಲ್ಲಿರುವ ಮನೆಗಳು ನಮ್ಮ ಸಂಘದಲ್ಲಿ ಅನೇಕ. ಅದಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಕಾನೂನಿಗೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹಿ ಹಾಕಿದ್ದು 1935ರ ಆಗಸ್ಟ್ 14ರಂದು. ಮೊದಲ ರೂಪದಲ್ಲಿ ಅದು ದುಡಿದವನ ಕಾನೂನು ಮಾತ್ರ. ಸಂಬಳದಲ್ಲಿ ತೆರಿಗೆ ಕಟ್ಟಿದವನಿಗೆ ವೃದ್ಧಾಪ್ಯದಲ್ಲಿ ಪಿಂಚಣಿ ಸಿಗಬೇಕು. ಹೆಂಡತಿಯ ಮಾತೇ ಅದರಲ್ಲಿರಲಿಲ್ಲ. ನಾಲ್ಕು ವರ್ಷಗಳ ನಂತರ, 1939ರ ತಿದ್ದುಪಡಿಯಲ್ಲಿ, ಅದು ಕುಟುಂಬದ ಕಾನೂನಾಯಿತು. 65 ತುಂಬಿದ ಹೆಂಡತಿಗೆ ಗಂಡನ ಪಿಂಚಣಿಯ ಅರ್ಧದಷ್ಟು ಮೊತ್ತ ಬೇರೆಯಾಗಿ ಸಿಗುವಂತೆ ಮಾಡಿದರು. ಇದು ಗಂಡನ ಪಾಲಿನಿಂದ ಕತ್ತರಿಸಿ ಕೊಡುವುದಲ್ಲ, ಅದರ ಮೇಲೆ ಕೊಡುವುದು. ಗಂಡ ಹೊರಗೆ ದುಡಿಯುತ್ತಾನೆ, ಹೆಂಡತಿ ಮನೆ ನೋಡಿಕೊಳ್ಳುತ್ತಾಳೆ, ಇಬ್ಬರೂ ಕೊನೆಯವರೆಗೆ ಒಟ್ಟಿಗಿರುತ್ತಾರೆ ಎಂಬ ಚಿತ್ರವನ್ನು ಮುಂದಿಟ್ಟುಕೊಂಡು ಬರೆದ ನಿಯಮ ಅದು.

ಆ ಚಿತ್ರದಲ್ಲಿ ವಿಚ್ಛೇದನಕ್ಕೆ ಜಾಗವಿರಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿ, ಮಕ್ಕಳನ್ನು ಬೆಳೆಸಿ, ಅರವತ್ತರ ಹೊಸ್ತಿಲಲ್ಲಿ ವಿಚ್ಛೇದನವಾದ ಹೆಂಗಸಿಗೆ ಗಂಡ ಬದುಕಿರುವವರೆಗೆ ಅವನ ಪಿಂಚಣಿಯ ಲೆಕ್ಕದಲ್ಲಿ ಏನೂ ಇರಲಿಲ್ಲ. ನಿನ್ನೆ ಮೊನ್ನೆ ಅವನ ಕೈಹಿಡಿದವಳಿಗೆ ಪತ್ನಿಯ ಮೊತ್ತ ಸಿಗಬಹುದಿತ್ತು.

ಬಾಗಿಲು ಮೊದಲು ತೆರೆದದ್ದು 1965ರಲ್ಲಿ. ಮೆಡಿಕೇರ್ ತಂದ ಕಾನೂನು ಎಂದು ಎಲ್ಲರಿಗೂ ನೆನಪಿರುವ, ಲಿಂಡನ್ ಜಾನ್ಸನ್ ಸಹಿ ಹಾಕಿದ ಅದೇ ತಿದ್ದುಪಡಿಯಲ್ಲಿ ವಿಚ್ಛೇದಿತ ಪತ್ನಿಗೂ ಒಂದು ಕಲಮು ಇತ್ತು. ಆದರೆ ಎರಡು ಬೀಗ ಹಾಕಿದ್ದರು. ಮದುವೆ ಕನಿಷ್ಠ 20 ವರ್ಷ ನಡೆದಿರಬೇಕು ಎಂಬುದು ಒಂದು. ಆಕೆ ಮಾಜಿ ಗಂಡನ ನೆರವಿನಿಂದಲೇ ಜೀವನ ಮಾಡುತ್ತಿದ್ದಳು, ಇಲ್ಲವೇ ಕೋರ್ಟು ಅವನಿಗೆ ನೆರವು ಕೊಡಲು ಆದೇಶಿಸಿತ್ತು ಎಂದು ತೋರಿಸಬೇಕು ಎಂಬುದು ಇನ್ನೊಂದು. ಜೀವನಾಂಶ ಕೇಳದೆ, ಸ್ವಾಭಿಮಾನದಿಂದ ಹೊರಗೆ ಬಂದವಳು ಈ ಎರಡನೆಯ ಬೀಗದ ಮುಂದೆ ನಿಂತುಬಿಡುತ್ತಿದ್ದಳು. ಆ ಬೀಗವನ್ನು 1972ರಲ್ಲಿ ತೆಗೆದರು.

ಉಳಿದದ್ದು ಇಪ್ಪತ್ತು ವರ್ಷ. ಅಷ್ಟರಲ್ಲಿ ಕಾಲ ಬದಲಾಗುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ 1970ರಿಂದ ಗಂಡ ಹೆಂಡಿರಲ್ಲಿ ತಪ್ಪು ಯಾರದೆಂದು ಸಾಬೀತುಪಡಿಸದೆಯೇ ವಿಚ್ಛೇದನ ಪಡೆಯಬಹುದಾಗಿತ್ತು. ಬೇರೆ ರಾಜ್ಯಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ಹದಿನೈದು, ಹದಿನೆಂಟು ವರ್ಷಕ್ಕೆ ಮುರಿದ ಮದುವೆಗಳ ಹೆಂಗಸರು ಬರಿಗೈಯಲ್ಲಿ ಉಳಿಯುತ್ತಿದ್ದರು. ಕೋರ್ಟಿನಿಂದಲೂ ಹೆಚ್ಚಿನ ಆಸರೆ ಸಿಗಲಿಲ್ಲ. 1976ರ 'ಮ್ಯಾಥ್ಯೂಸ್ ವಿರುದ್ಧ ಡಿ ಕ್ಯಾಸ್ಟ್ರೋ' ಪ್ರಕರಣದಲ್ಲಿ, ಅಂಗವಿಕಲ ಮಗುವನ್ನು ನೋಡಿಕೊಳ್ಳುತ್ತಿರುವ ಹೆಂಡತಿಗೆ 62ಕ್ಕೆ ಮೊದಲೇ ಸಿಗುವ ಮೊತ್ತವನ್ನು ವಿಚ್ಛೇದಿತೆಗೆ ಕೊಡದಿರುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಬದಲಾವಣೆ ಬೇಕಾದರೆ ಸಂಸತ್ತೇ ಮಾಡಬೇಕಿತ್ತು. 1977ರ ಡಿಸೆಂಬರಿನಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ತಿದ್ದುಪಡಿ ಇಪ್ಪತ್ತನ್ನು ಹತ್ತಕ್ಕೆ ಇಳಿಸಿತು; 1979ರ ಜನವರಿಯಿಂದ ಅದು ಜಾರಿಗೆ ಬಂತು.

ಆಮೇಲೂ ಒಂದು ತೊಡಕು ಉಳಿಯಿತು. ಮಾಜಿ ಗಂಡ ತನ್ನ ಪಿಂಚಣಿಗೆ ಅರ್ಜಿ ಹಾಕುವವರೆಗೆ ಆಕೆಗೆ ಬರುವಂತಿರಲಿಲ್ಲ. ಅವನು ಎಪ್ಪತ್ತರವರೆಗೆ ಕೆಲಸ ಮಾಡುತ್ತೇನೆ ಎಂದರೆ ಇವಳು ಕಾಯುತ್ತಿರಬೇಕು. 1983ರ ತಿದ್ದುಪಡಿ ಇದನ್ನು ಬಿಡಿಸಿತು. ವಿಚ್ಛೇದನವಾಗಿ ಎರಡು ವರ್ಷ ಕಳೆದಿದ್ದು, ಅವನಿಗೆ 62 ತುಂಬಿದ್ದು, ಪಿಂಚಣಿಗೆ ಬೇಕಾದಷ್ಟು ಕಾಲ ಅವನು ದುಡಿದಿದ್ದರೆ, ಅವನು ಅರ್ಜಿ ಹಾಕದಿದ್ದರೂ ಆಕೆ ಪಡೆಯಬಹುದು. ಇದು 1985ರಿಂದ ನಡೆಯುತ್ತಿದೆ. ಅದೇ 1983ರ ತಿದ್ದುಪಡಿ ವಿಚ್ಛೇದಿತ ಗಂಡನಿಗೂ ಇದೇ ಹಕ್ಕನ್ನು ಕಾನೂನಿನಲ್ಲಿ ಬರೆಯಿತು.

ಇನ್ನು ಇಂದಿನ ಲೆಕ್ಕ. ಇಲ್ಲಿ ಬಹಳ ಜನ ತಪ್ಪು ತಿಳಿಯುವುದು ಒಂದು ವಿಷಯದಲ್ಲಿ. ಮದುವೆ ಹೆಚ್ಚು ವರ್ಷ ನಡೆದಷ್ಟೂ ಹಣ ಹೆಚ್ಚು ಎಂದುಕೊಳ್ಳುತ್ತಾರೆ. ಹಾಗಿಲ್ಲ. ಹತ್ತು ವರ್ಷ ಬಾಗಿಲು ತೆರೆಯುತ್ತದೆ, ಅಷ್ಟೇ. ಹತ್ತು ವರ್ಷದ ಮದುವೆಗೂ ನಲವತ್ತು ವರ್ಷದ ಮದುವೆಗೂ ಮೊತ್ತ ಒಂದೇ. ಒಂಬತ್ತು ವರ್ಷ ಹನ್ನೊಂದು ತಿಂಗಳಿಗೆ ಸೊನ್ನೆ. ವಿಚ್ಛೇದನವಾಗದೆ ಒಟ್ಟಿಗಿರುವ ಹೆಂಡತಿಗಾದರೋ ಸಾಮಾನ್ಯವಾಗಿ ಮದುವೆಯಾಗಿ ಒಂದು ವರ್ಷ ಕಳೆದರೆ ಸಾಕು.

ಒಂದು ಉದಾಹರಣೆ ನೋಡೋಣ. ಮಾಜಿ ಗಂಡನ ಪೂರ್ಣ ಪಿಂಚಣಿ ತಿಂಗಳಿಗೆ 2,400 ಡಾಲರ್, ಹೆಂಡತಿಯ ಸ್ವಂತ ದುಡಿಮೆಯದು 500 ಡಾಲರ್ ಎಂದಿಟ್ಟುಕೊಳ್ಳಿ. ಅವನ ಅರ್ಧ 1,200. ಅದಕ್ಕೆ ತನ್ನ 500 ಸೇರಿಸಿ 1,700 ಬರುತ್ತದೆಯೇ? ಇಲ್ಲ. ಮೊದಲು ಅವಳ ಸ್ವಂತ 500 ಕೊಟ್ಟು, 1,200 ಆಗಲು ಕಡಿಮೆ ಬೀಳುವ 700 ಅನ್ನು ಮಾತ್ರ ಅವನ ಲೆಕ್ಕದಿಂದ ತುಂಬುತ್ತಾರೆ. ಒಟ್ಟು 1,200. ಇದು ಪೂರ್ಣ ವಯಸ್ಸಿನಲ್ಲಿ, ಅಂದರೆ 1960 ಅಥವಾ ನಂತರ ಹುಟ್ಟಿದವರಿಗೆ 67ರಲ್ಲಿ, ಶುರು ಮಾಡಿದರೆ. ಅವಸರಪಟ್ಟು 62ಕ್ಕೇ ಶುರು ಮಾಡಿದರೆ ಅವಳ 500, 350ಕ್ಕೆ ಇಳಿಯುತ್ತದೆ. 700, 455ಕ್ಕೆ ಇಳಿಯುತ್ತದೆ. ಕೈಗೆ ಬರುವುದು 805, ಮತ್ತು ಆ ಕಡಿತ ಹಾಗೆಯೇ ಉಳಿಯುತ್ತದೆ. ಅವಳ ಸ್ವಂತ ಪೂರ್ಣ ಪಿಂಚಣಿಯೇ 1,200ಕ್ಕಿಂತ ಹೆಚ್ಚಿದ್ದರೆ ಅವನ ಲೆಕ್ಕದಿಂದ ಏನೂ ಬರುವುದಿಲ್ಲ.

ಇದರಿಂದ ಮಾಜಿ ಗಂಡನಿಗೆ ಒಂದು ಡಾಲರ್ ಕೂಡ ಕಡಿಮೆಯಾಗುವುದಿಲ್ಲ. ಅವನ ಈಗಿನ ಹೆಂಡತಿಗೂ ಕಡಿಮೆಯಾಗುವುದಿಲ್ಲ. ಅವನ ಒಪ್ಪಿಗೆ ಬೇಡ. "ಅವರ ಹಂಗು ಯಾಕೆ" ಎಂದು ಸುಮ್ಮನಿರುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಹೇಳಬೇಕು. ಆದರೆ ಆಕೆ ಮರುಮದುವೆಯಾದರೆ ಈ ಹಕ್ಕು ಸಾಮಾನ್ಯವಾಗಿ ನಿಲ್ಲುತ್ತದೆ. ಮಾಜಿ ಗಂಡ ತೀರಿಕೊಂಡರೆ ಲೆಕ್ಕ ಬೇರೆ: ಹತ್ತು ವರ್ಷ ತುಂಬಿದ್ದವಳಿಗೆ ಅವನ ಪಿಂಚಣಿಯ ಅರ್ಧವಲ್ಲ, ಪೂರ್ತಿಯವರೆಗೂ ಸಿಗಬಹುದು, 60 ತುಂಬಿದ ಮೇಲೆ ಮರುಮದುವೆಯಾಗಿದ್ದರೂ ಅಡ್ಡಿಯಿಲ್ಲ.

ಹತ್ತು ವರ್ಷವನ್ನು ಎಣಿಸುವ ಬಗೆಯೇ ಎಲ್ಲಕ್ಕಿಂತ ಮುಖ್ಯ. ಮದುವೆಯ ದಿನದಿಂದ ವಿಚ್ಛೇದನ ಅಂತಿಮವಾಗಿ ಜಾರಿಗೆ ಬಂದ ದಿನದವರೆಗೆ ಎಣಿಸುತ್ತಾರೆ. ಬೇರೆ ಮನೆ ಮಾಡಿದ ದಿನವಲ್ಲ, ಕೋರ್ಟಿಗೆ ಅರ್ಜಿ ಹಾಕಿದ ದಿನವೂ ಅಲ್ಲ. ಧಾರವಾಡದಲ್ಲೋ ಉಡುಪಿಯಲ್ಲೋ ಆದ ಮದುವೆಯ ವರ್ಷಗಳೂ ಎಣಿಕೆಗೆ ಬರುತ್ತವೆ, ಅಮೆರಿಕಕ್ಕೆ ಹೋದ ದಿನದಿಂದ ಮಾತ್ರವಲ್ಲ. ಅದಕ್ಕೇ ಮದುವೆಯ ನೋಂದಣಿ ಪತ್ರದಲ್ಲಿ ಮದುವೆ ನಡೆದ ತಾರೀಕು ಸರಿಯಾಗಿದೆಯೇ ಎಂದು ನೋಡಿಕೊಳ್ಳಬೇಕು. ವೀಸಾಗಾಗಿ ತಡವಾಗಿ ನೋಂದಾಯಿಸಿದ್ದರೆ ನೋಂದಣಿಯ ತಾರೀಕನ್ನೇ ಮದುವೆಯ ತಾರೀಕೆಂದು ಬರೆದುಬಿಡುವ ಸಂದರ್ಭ ಉಂಟು. ಆ ಪತ್ರ ಮತ್ತು ಡಿಕ್ರಿಯ ದೃಢೀಕೃತ ಪ್ರತಿ, ಎರಡನ್ನೂ ಹೆಣ್ಣು ತನ್ನ ಬಳಿ ಇಟ್ಟುಕೊಳ್ಳಬೇಕು. ಅರ್ಜಿ ಹಾಕುವುದು ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ.

ನಮ್ಮವರಿಗೆ ಇನ್ನೂ ಎರಡು ಮಿತಿಗಳಿವೆ. ಗಂಡನಿಗೇ ಪಿಂಚಣಿಯ ಹಕ್ಕು ಬರಬೇಕಾದರೆ ಅವನು ಅಲ್ಲಿ ಸುಮಾರು ಹತ್ತು ವರ್ಷದ ದುಡಿಮೆಗೆ ಸಮನಾದ 40 ಕ್ರೆಡಿಟ್ ಗಳಿಸಿರಬೇಕು. ಆರು ವರ್ಷ ಕೆಲಸ ಮಾಡಿ ಬೆಂಗಳೂರಿಗೆ ಮರಳಿದವನ ಲೆಕ್ಕದಲ್ಲಿ ಹೆಂಡತಿಗೆ ಹುಡುಕಲು ಏನೂ ಇರುವುದಿಲ್ಲ. ಎರಡನೆಯದು, ಅಮೆರಿಕದ ಪೌರತ್ವವಿಲ್ಲದ ಹೆಂಗಸು ಭಾರತಕ್ಕೆ ಮರಳಿದ್ದರೆ, ಅವನ ಹೆಂಡತಿಯಾಗಿ ಕನಿಷ್ಠ ಐದು ವರ್ಷ ಅಮೆರಿಕದಲ್ಲಿ ವಾಸವಿದ್ದಳು ಎಂದು ತೋರಿಸಬೇಕಾಗುತ್ತದೆ. ಹಳೆಯ ಪಾಸ್‌ಪೋರ್ಟು, ಬಾಡಿಗೆ ಕರಾರು, ತೆರಿಗೆ ಪತ್ರಗಳನ್ನು ಬಿಸಾಡಬಾರದು ಎನ್ನುವುದು ಇದಕ್ಕೇ.

ನಮ್ಮ ದೇಶದ ಸರ್ಕಾರಿ ನೌಕರರ ಕುಟುಂಬ ಪಿಂಚಣಿಯಲ್ಲಿ ವಿಚ್ಛೇದಿತ ಪತ್ನಿಗೆ ಪಾಲೇ ಇಲ್ಲ; ಮೂವತ್ತು ವರ್ಷ ಸಂಸಾರ ಮಾಡಿದ್ದರೂ ವರ್ಷಗಳನ್ನು ಯಾರೂ ಎಣಿಸುವುದಿಲ್ಲ. ಹಾಗಾಗಿಯೇ ಇಲ್ಲಿಯ ತಾಯಂದಿರಿಗೆ ಮಗಳ ವಿಚ್ಛೇದನದ ಹೊತ್ತಿನಲ್ಲಿ ಇಂಥ ಪ್ರಶ್ನೆ ಹೊಳೆಯುವುದೇ ಇಲ್ಲ. ಬೇಗ ಮುಗಿದು ಮಗಳು ನೆಮ್ಮದಿಯಾಗಿದ್ದರೆ ಸಾಕು ಎನಿಸುತ್ತದೆ. ಹಿಂಸೆಯ ಸಂಸಾರದಲ್ಲಿ ಪಿಂಚಣಿಗಾಗಿ ನಾಲ್ಕು ತಿಂಗಳು ಕಾಯಿರಿ ಎಂದು ನಾನೂ ಹೇಳಲಾರೆ. ಆದರೆ ಇಬ್ಬರೂ ಒಪ್ಪಿ ಬೇರೆಯಾಗುವಾಗ, ಡಿಕ್ರಿ ಯಾವ ದಿನದಿಂದ ಜಾರಿಗೆ ಬರುತ್ತದೆ ಎಂದು ವಕೀಲರನ್ನು ಒಂದು ಮಾತು ಕೇಳಬಹುದು. ಬೇರೆ ಬೇರೆಯಾಗಿ ವಾಸಿಸುತ್ತಿದ್ದರೂ ಡಿಕ್ರಿ ಬರುವ ದಿನದವರೆಗೆ ಎಣಿಕೆ ನಡೆಯುತ್ತಿರುತ್ತದೆ.

ನಮ್ಮ ಸದಸ್ಯೆಯ ಮಗಳ ವಿಷಯದಲ್ಲಿ ಅದು ಮುಗಿದ ಮಾತು. ಎಚ್-4 ವೀಸಾದಲ್ಲಿ ಹೋದ ಹೆಂಡತಿಯರಿಗೆ 2015ರವರೆಗೆ ಅಲ್ಲಿ ದುಡಿಯುವ ಅನುಮತಿಯೇ ಇರಲಿಲ್ಲ. ಆಕೆಯ ಮೊದಲ ವರ್ಷಗಳು ಹಾಗೆಯೇ ಕಳೆದವು. ಈಗ ಕೆಲಸದಲ್ಲಿದ್ದಾಳೆ. ಮೊನ್ನೆ ತಾಯಿ ಫೋನ್ ಮಾಡಿ, "ಸ್ವಂತ ಕ್ರೆಡಿಟ್ 18 ಆಗಿದೆಯಂತೆ" ಎಂದರು. ಇನ್ನು 22 ಬೇಕು. ವರ್ಷಕ್ಕೆ ನಾಲ್ಕರಂತೆ ಐದೂವರೆ ವರ್ಷ. ಆ ಲೆಕ್ಕವನ್ನು ಅವರೇ ಮಾಡಿಟ್ಟುಕೊಂಡಿದ್ದರು.