ಹೇರ್ ಡೈ: ಹದಿನೈದು ನಿಮಿಷಕ್ಕೂ ಒಂದು ಗಂಟೆಗೂ ಇರುವ ವ್ಯತ್ಯಾಸ

ನರೆಗೂದಲಿಗೆ ಮನೆಯಲ್ಲಿ ಡೈ ಹಚ್ಚಿಕೊಳ್ಳುವವರು ಸಾಮಾನ್ಯವಾಗಿ ಬಣ್ಣವನ್ನು ಕಣ್ಣಳತೆಯಿಂದ ನಿರ್ಧರಿಸುತ್ತಾರೆ. ತಲೆಯ ಮೇಲಿನ ಮಿಶ್ರಣ ಕಪ್ಪಾದೊಡನೆ ಕೂದಲೂ ಕಪ್ಪಾಯಿತೆಂದು ಭಾವಿಸುವುದು ಮೊದಲ ತಪ್ಪು. ಗಾಳಿ ತಗುಲಿದ ಮೇಲ್ಪದರ ಬೇಗನೆ ಕಪ್ಪಾಗುತ್ತದೆ. ಒಳಗಿನ ಕೆಲಸ ಆಗಿನ್ನೂ ನಡೆಯುತ್ತಿರುತ್ತದೆ.

ಶಾಶ್ವತ ಡೈನಲ್ಲಿರುವ ಅಮೋನಿಯಾ ಅಥವಾ ಅಂತಹ ಕ್ಷಾರವು ಕೂದಲಿನ ಹೊರಪದರವನ್ನು ಸಡಿಲಿಸುತ್ತದೆ. ಬಣ್ಣವಿಲ್ಲದ ಸಣ್ಣ ಅಣುಗಳು ಒಳಹೊಕ್ಕು, ಹೈಡ್ರೋಜನ್ ಪೆರಾಕ್ಸೈಡ್‌ನ ನೆರವಿನಿಂದ ಒಂದಕ್ಕೊಂದು ಕೂಡಿಕೊಂಡು, ಹೊರಬರಲಾರದಷ್ಟು ದೊಡ್ಡದಾಗುತ್ತವೆ. ಸಮಯ ಬೇಕಾಗುವುದು ಈ ಜೋಡಣೆಗೆ.

ಪೊಟ್ಟಣದ ಮೇಲೆ 30 ನಿಮಿಷ ಎಂದಿದ್ದರೂ ಗೃಹಿಣಿಯೊಬ್ಬರು 15 ನಿಮಿಷಕ್ಕೇ ತೊಳೆದರೆನ್ನಿ. ಒದ್ದೆಯಿದ್ದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಒಣಗಿಸಿ ಬಿಸಿಲಿಗೆ ಬಂದಾಗ ಕಿವಿಯ ಮೇಲಿನ ನರೆ ತೆಳು ಕಂದು ಬಣ್ಣದಲ್ಲಿ, ಒಳಗಿನ ಬಿಳುಪು ಇಣುಕುವಂತೆ ಹೊಳೆಯುತ್ತದೆ. ಮುಂದಿನ ಕೆಲವು ಸ್ನಾನಗಳಲ್ಲಿ ಬಣ್ಣ ಬೇಗ ಮಾಸುತ್ತದೆ. ಹೀಗಾದರೆ ಬಟ್ಟಲಿನಲ್ಲಿ ಉಳಿದ ಮಿಶ್ರಣವನ್ನು ಮತ್ತೆ ಬಳಸುವುದರಿಂದ ಫಲವಿಲ್ಲ. ಕಲಸಿದ ಕ್ಷಣದಿಂದಲೇ ಅದರ ಶಕ್ತಿ ಕುಂದತೊಡಗುತ್ತದೆ. ನರೆ ಉಳಿದ ಭಾಗಕ್ಕಷ್ಟೇ ಹೊಸದಾಗಿ ಕಲಸಿ ಹಚ್ಚಬೇಕು. ಹಠಮಾರಿ ನರೆಯಿರುವ ಕಡೆಯಿಂದಲೇ ಆರಂಭಿಸಿ, ಹಚ್ಚಿ ಮುಗಿಸಿದ ಮೇಲೆ ಗಡಿಯಾರ ನೋಡುವುದು ಸಾಮಾನ್ಯ ಕ್ರಮ. ಪೊಟ್ಟಣದಲ್ಲಿ ಬೇರೆ ಸೂಚನೆಯಿದ್ದರೆ ಅದನ್ನೇ ಪಾಲಿಸಬೇಕು.

ಇನ್ನು ಒಂದು ಗಂಟೆ ಬಿಟ್ಟರೆ ಇಮ್ಮಡಿ ಕಪ್ಪು ಬರುತ್ತದೆಯೇ? ಇಲ್ಲ. ಜೋಡಣೆ ಮುಗಿದ ನಂತರ ಬಣ್ಣ ಹೆಚ್ಚೇನೂ ಬೆಳೆಯುವುದಿಲ್ಲ. ಆದರೆ ಉಳಿದ ಕ್ಷಾರ ಮತ್ತು ಪೆರಾಕ್ಸೈಡ್ ಕೂದಲನ್ನೂ ನೆತ್ತಿಯ ಚರ್ಮವನ್ನೂ ಕಾಡುತ್ತಲೇ ಇರುತ್ತವೆ. ಒಮ್ಮೆಯ ಈ ಅತಿಗಿಂತಲೂ, ಪ್ರತಿ ತಿಂಗಳು ಬುಡದಿಂದ ತುದಿಯವರೆಗೆ ಪೂರ್ಣಾವಧಿ ಹಚ್ಚುವ ಅಭ್ಯಾಸವೇ ಹೆಚ್ಚು ಹಾನಿಕರ. ಈಗಾಗಲೇ ಸಡಿಲಗೊಂಡ ತುದಿಗಳು ಬಣ್ಣವನ್ನು ಹೀರಿ ಮಸಿಯಂತೆ ಕಪ್ಪಾಗುತ್ತವೆ, ಹೊಳಪು ಮಾತ್ರ ಇರುವುದಿಲ್ಲ. ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಪೂರ್ತಿ ಸಮಯ ಕೊಟ್ಟು, ತುದಿ ಮಾಸಿದ್ದರೆ ಕೊನೆಯ ಐದು ನಿಮಿಷ ಬಾಚಿ ಹರಡಿದರೆ ಸಾಕು.

ಹಾನಿಯನ್ನು ತಿಳಿಯಲು ಒದ್ದೆ ಕೂದಲಿನ ಒಂದು ಎಳೆಯನ್ನು ಮೆಲ್ಲನೆ ಎಳೆಯಿರಿ. ಆರೋಗ್ಯವಂತ ಎಳೆ ತುಸು ಹಿಗ್ಗಿ ಮರಳುತ್ತದೆ. ರಬ್ಬರಿನಂತೆ ಹಿಗ್ಗಿ ಮರಳದಿದ್ದರೆ, ಅಥವಾ ಹಿಗ್ಗದೆ ಪಟಕ್ಕನೆ ತುಂಡಾದರೆ, ರಾಸಾಯನಿಕದ ಪೆಟ್ಟು ಒಳಗೆ ತಲುಪಿದೆ ಎಂದರ್ಥ. ಕಂಡೀಷನರ್ ಅದನ್ನು ನುಣುಪಾಗಿಸೀತೇ ಹೊರತು ಮೊದಲಿನಂತೆ ಮಾಡಲಾರದು. ಆ ಭಾಗವನ್ನು ಕತ್ತರಿಸುವುದೇ ಉಳಿದ ದಾರಿ.

ಉರಿ, ತುರಿಕೆ, ಊತ ಕಾಣಿಸಿಕೊಂಡರೆ ಮಾತ್ರ ಸಮಯದ ಲೆಕ್ಕ ಬೇಡ. ಅವಧಿ ಮುಗಿಯದಿದ್ದರೂ ಕೂಡಲೇ ತೊಳೆಯಬೇಕು. ಅದು ಪಿಪಿಡಿ ಎಂಬ ವರ್ಣದ್ರವ್ಯದ ಅಲರ್ಜಿಯಾಗಿರಬಹುದು. ಮುಖ ಊದಿದರೆ ಅಥವಾ ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.